ಗಸಗಸೆ ಪಾಯಸದ ವಿಡಿಯೋ ತೆಗೆದುಬಿಟ್ಟರೆ ಅಪೀಲ್ ಹೇಗೆ ಬರೆಯಬೇಕು?

ಪ್ರಶ್ನೆ: ಸರ್, ನನ್ನದು ಯೂಟ್ಯೂಬ್‌ನಲ್ಲಿ ಚಿಕ್ಕ ಅಡುಗೆ ಚಾನೆಲ್. ಜೊತೆಗೆ ಮನೆಯಲ್ಲೇ ಮಸಾಲೆ ಪುಡಿ ಮಾಡಿ ಮಾರ್ತೀನಿ. ಹಬ್ಬಕ್ಕೆ ಅಂತ ಗಸಗಸೆ ಪಾಯಸದ ವಿಡಿಯೋ ಹಾಕಿದ್ದೆ. ಎರಡೇ ದಿನಕ್ಕೆ ತೆಗೆದುಬಿಟ್ರು. ನಿಷೇಧಿತ ಮತ್ತು ನಿಯಂತ್ರಿತ ವಸ್ತುಗಳ ನಿಯಮ ಮುರಿದಿದ್ದೀರಿ ಅಂತ ಮೇಲ್ ಬಂದಿದೆ, ವಾರ್ನಿಂಗ್ ಕೂಡ ಕೊಟ್ಟಿದ್ದಾರೆ. ಟೈಟಲ್ "ಅಮಲೇರಿಸುವ ಗಸಗಸೆ ಪಾಯಸ, ಕುಡಿದರೆ ಗಡದ್ದು ನಿದ್ದೆ" ಅಂತ ಇತ್ತು. ಥಂಬ್‌ನೇಲ್‌ನಲ್ಲಿ ಪಾಯಸದ ಪಕ್ಕ ಗಸಗಸೆ ಗಿಡದ ಹಸಿರು ಕಾಯಿಯ ಫೋಟೋ ಹಾಕಿದ್ದೆ, ಚೆಂದ ಕಾಣ್ಲಿ ಅಂತ. ಡಿಸ್ಕ್ರಿಪ್ಷನ್‌ನಲ್ಲಿ "ಒಳ್ಳೆ ಗಸಗಸೆ ಬೇಕಾದವರು ವಾಟ್ಸಾಪ್ ಮಾಡಿ, ಹೊರದೇಶಕ್ಕೂ ಕಳಿಸ್ತೀವಿ" ಅಂತ ನಂಬರ್ ಕೊಟ್ಟಿದ್ದೆ. ಪಾಯಸ ಮಾಡೋದು ಯಾವ ಅಪರಾಧ? ಯಾರೋ ಆಗದವರು ರಿಪೋರ್ಟ್ ಹೊಡೆದಿರಬೇಕು ಅಂತ ನಮ್ಮನೆಯವರು ಹೇಳ್ತಾರೆ. ಆ ವಿಡಿಯೋ ಡಿಲೀಟ್ ಮಾಡಿ ಮತ್ತೆ ಹಾಕ್ಲಾ? ಅಪೀಲ್ ಬರೆಯೋದಾದ್ರೆ ಏನಂತ ಬರೀಲಿ?

ಉತ್ತರ: ಮೊದಲು ಒಂದು ಮಾತು. ಡಿಲೀಟ್ ಮಾಡಬೇಡಿ, ಅದೇ ವಿಡಿಯೋ ಮತ್ತೆ ಹಾಕಲೂ ಬೇಡಿ. ಡಿಲೀಟ್ ಮಾಡಿದ ಮಾತ್ರಕ್ಕೆ ವಾರ್ನಿಂಗ್ ಹೋಗೋದಿಲ್ಲ. ಮತ್ತೆ ಹಾಕಿದರೆ ಅದೇ ಕಾರಣಕ್ಕೆ ಮತ್ತೆ ಸಿಕ್ಕಿಬೀಳುತ್ತೆ. ಆಗ ಬರೋದು ವಾರ್ನಿಂಗ್ ಅಲ್ಲ, ಸ್ಟ್ರೈಕ್. ಯೂಟ್ಯೂಬ್‌ನಲ್ಲಿ ಮೊದಲ ಸ್ಟ್ರೈಕ್‌ಗೆ ಒಂದು ವಾರ ಏನೂ ಅಪ್‌ಲೋಡ್ ಮಾಡೋಕಾಗಲ್ಲ, ಎರಡನೆಯದಕ್ಕೆ ಎರಡು ವಾರ. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತೆ. ನೀವು ಈಗ ಇರೋದು ಸ್ಟ್ರೈಕ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಹಾಗಾಗಿ ಗಾಬರಿ ಬೇಡ, ಆದರೆ ಅವಸರವೂ ಬೇಡ.

ಆಗದವರು ರಿಪೋರ್ಟ್ ಹೊಡೆದರು ಅನ್ನೋ ಅನುಮಾನ ನನ್ನ ಹತ್ತಿರ ಬರೋ ಹತ್ತರಲ್ಲಿ ಎಂಟು ಜನಕ್ಕೆ ಇರುತ್ತೆ. ರಿಪೋರ್ಟ್ ಎಷ್ಟು ಬಂತು ಅನ್ನೋದರ ಮೇಲೆ ವಿಡಿಯೋ ತೆಗೆಯಲ್ಲ. ಸಾವಿರ ಜನ ರಿಪೋರ್ಟ್ ಮಾಡಿದರೂ ನಿಯಮ ಮುರಿದಿಲ್ಲ ಅಂದರೆ ಅದು ಉಳಿಯಬೇಕು. ಅಷ್ಟಕ್ಕೂ ತೆಗೆಯೋ ವಿಡಿಯೋಗಳಲ್ಲಿ ಬಹುಪಾಲನ್ನು ಮೊದಲು ಹಿಡಿಯೋದು ಜನ ಅಲ್ಲ, ಯಂತ್ರ. ಅದು ನೋಡೋದು ಟೈಟಲ್, ಚಿತ್ರ, ಡಿಸ್ಕ್ರಿಪ್ಷನ್, ಮಾತು, ಎಲ್ಲವನ್ನೂ ಒಟ್ಟಿಗೆ. ಹಾಗಾಗಿ ಪಕ್ಕದ ಬೀದಿಯ ಚಾನೆಲ್‌ನವರ ಮೇಲೆ ಅನುಮಾನ ಪಡೋದು ಬಿಟ್ಟು, ನಿಮ್ಮ ವಿಡಿಯೋವನ್ನೇ ಕರ್ನಾಟಕ ಎಲ್ಲಿದೆ ಅಂತ ಗೊತ್ತಿಲ್ಲದ ಒಬ್ಬರ ಕಣ್ಣಲ್ಲಿ ಒಮ್ಮೆ ನೋಡೋಣ.

ಗಸಗಸೆ ಅಂದರೆ ನಮಗೆ ಸಾರಿನ ಪುಡಿ, ಚಿರೋಟಿ ಜೊತೆಗಿನ ಪಾಯಸ, ಸಾಗುಗೆ ರುಬ್ಬೋ ಮಸಾಲೆ. ಆದರೆ ಗಸಗಸೆ ಬಿಡೋ ಗಿಡವೂ ಅಫೀಮು ಬಿಡೋ ಗಿಡವೂ ಒಂದೇ. ಪಾಪಾವರ್ ಸೋಮ್ನಿಫೆರಮ್ ಅಂತ ಅದರ ಹೆಸರು. ಬಹಳ ಜನ ಅಪೀಲ್‌ನಲ್ಲಿ "ಇದಕ್ಕೂ ಅಫೀಮಿಗೂ ಸಂಬಂಧವೇ ಇಲ್ಲ" ಅಂತ ಬರೆದುಬಿಡ್ತಾರೆ. ಅದು ಸುಳ್ಳು, ಓದೋರು ಒಂದು ನಿಮಿಷದಲ್ಲಿ ಹುಡುಕಿ ನೋಡ್ತಾರೆ. ಅಲ್ಲಿಗೆ ನಿಮ್ಮ ಉಳಿದ ಮಾತಿಗೂ ಬೆಲೆ ಹೋಯ್ತು.

ನಿಜ ಏನು ಅಂದರೆ, ಕಾಯಿ ಇನ್ನೂ ಹಸಿರಾಗಿರುವಾಗ ಅದರ ಸಿಪ್ಪೆಗೆ ಗೀರು ಹಾಕಿದರೆ ಹಾಲು ಜಿನುಗುತ್ತೆ. ಆ ಹಾಲು ಗಟ್ಟಿಯಾದರೆ ಅಫೀಮು. ಕಾಯಿ ಬಲಿತು ಒಣಗಿದ ಮೇಲೆ ಒಡೆದರೆ ಒಳಗಿಂದ ಬೀಳೋ ಬೀಜ ಗಸಗಸೆ. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಕೇಂದ್ರ ಸರ್ಕಾರದ ಲೈಸೆನ್ಸ್ ತಗೊಂಡು ಇದನ್ನು ಬೆಳೀತಾರೆ. ನೀಮಚ್, ಮಂದಸೌರ್ ಕಡೆಯ ರೈತರು ಅಫೀಮನ್ನು ಸರ್ಕಾರಕ್ಕೆ ಕೊಡ್ತಾರೆ, ಬೀಜವನ್ನು ಮಂಡಿಗೆ ಹಾಕ್ತಾರೆ. ಬೀಜದ ಒಳಗೆ ಆ ಹಾಲು ಇರೋದಿಲ್ಲ. ಕೊಯ್ಲಿನಲ್ಲಿ ಕಾಯಿಯ ಸಿಪ್ಪೆ, ಪುಡಿ ತಾಗಿ ಬೀಜದ ಮೇಲ್ಮೈಗೆ ಸ್ವಲ್ಪ ಅಂಟಿರಬಹುದು, ಅಷ್ಟೇ. ತೊಳೆದರೆ, ಹುರಿದರೆ ಅದೂ ಕಡಿಮೆಯಾಗುತ್ತೆ.

ಕಾನೂನೂ ಇದನ್ನೇ ಹೇಳುತ್ತೆ. ಮಾದಕ ವಸ್ತುಗಳ ಬಗ್ಗೆ ಇರೋ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಕೊಯ್ಲಾದ ಮೇಲಿನ ಗಿಡದ ಎಲ್ಲ ಭಾಗಗಳಿಗೂ ಪಾಪಿ ಸ್ಟ್ರಾ ಅಂತ ಹೆಸರಿಟ್ಟು ಒಂದು ವ್ಯಾಖ್ಯೆ ಕೊಟ್ಟಿದ್ದಾರೆ, ಅದರಲ್ಲಿ "ಬೀಜಗಳನ್ನು ಬಿಟ್ಟು" ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಈ ಮಾತು ನಿಮ್ಮ ಅಪೀಲ್‌ನಲ್ಲಿ ಇರಲೇಬೇಕು.

ಸರಿ, ಹಾಗಾದರೆ ಯಾಕೆ ಹಿಡಿದರು? ಇಲ್ಲೊಂದು ವಿಷಯ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಅಮೆರಿಕದಂಥ ಕಡೆ ತೊಳೆಯದ ಗಸಗಸೆಯನ್ನು ರಾಶಿಗಟ್ಟಲೆ ಬಾಟಲಿಗೆ ಸುರಿದು, ನೀರು ಹಾಕಿ ಕುಲುಕಿ, ಬೀಜ ಎಸೆದು ಆ ನೀರನ್ನಷ್ಟೇ ಅಮಲಿಗಾಗಿ ಕುಡಿಯೋರಿದ್ದಾರೆ. ಮೇಲ್ಮೈಗೆ ಅಂಟಿದ್ದೆಲ್ಲ ನೀರಿಗೆ ಇಳಿಯುತ್ತೆ. ಅದನ್ನು ಕುಡಿದು ಸತ್ತವರೂ ಇದ್ದಾರೆ. ಹಾಗಾಗಿ ಗಸಗಸೆ, ನೀರು, ಕುಡಿಯೋದು, ಅಮಲು, ಈ ನಾಲ್ಕು ಒಟ್ಟಿಗೆ ಬಂದರೆ ಎಚ್ಚರ ಆಗೋದು ಸಹಜ. ಈಗ ನಿಮ್ಮ ಟೈಟಲ್ ಮತ್ತೊಮ್ಮೆ ಓದಿ. "ಅಮಲೇರಿಸುವ", "ಕುಡಿದರೆ ಗಡದ್ದು ನಿದ್ದೆ." ಮದುವೆ ಮನೆಯಲ್ಲಿ ಪಾಯಸ ಎರಡು ಲೋಟ ಜಾಸ್ತಿ ಕುಡಿದು ಚಾಪೆ ಹುಡುಕೋರನ್ನು ನೋಡಿದ ನಮಗೆ ಅದು ತಮಾಷೆ. ಇದರ ಹಿನ್ನೆಲೆ ಗೊತ್ತಿಲ್ಲದವರಿಗೆ ಅದು ಅಮಲಿನ ಪದಾರ್ಥ ಮಾಡೋ ವಿಧಾನ.

ಇನ್ನು ಥಂಬ್‌ನೇಲ್. ಹಸಿರು ಕಾಯಿಯ ಫೋಟೋ ನೆಟ್‌ನಿಂದ ತಗೊಂಡಿರ್ತೀರಿ. ದೊಡ್ಡದು ಮಾಡಿ ನೋಡಿ. ನೆಟ್‌ನಲ್ಲಿ ಸಿಗೋ ಅಂಥ ಫೋಟೋಗಳಲ್ಲಿ ಬಹಳಷ್ಟರಲ್ಲಿ ಕಾಯಿಯ ಮೇಲೆ ಉದ್ದುದ್ದ ಗೀರುಗಳಿರುತ್ತವೆ, ಗೀರಿನಿಂದ ಬಿಳಿ ಹಾಲೋ ಕಂದು ಬಣ್ಣದ ಅಂಟೋ ಇಳೀತಿರುತ್ತೆ. ಹಾಗಿದ್ದರೆ ನೀವು ಹಾಕಿರೋದು ಗಸಗಸೆಯ ಚಿತ್ರ ಅಲ್ಲ, ಅಫೀಮು ತೆಗೆಯೋ ಚಿತ್ರ. ವಿಡಿಯೋ ಒಳಗೆ ಎಲ್ಲ ಸರಿ ಇದ್ದರೂ ಇದೊಂದೇ ಸಾಕು ಅನುಮಾನ ಬರೋಕೆ.

ಮೂರನೆಯದು ವಾಟ್ಸಾಪ್ ನಂಬರ್. ನನ್ನ ಪ್ರಕಾರ ನಿಮ್ಮ ಕೇಸಿನಲ್ಲಿ ಎಲ್ಲಕ್ಕಿಂತ ತೂಕದ್ದು ಇದೇ. ಆ ನಿಯಮದ ಮುಖ್ಯ ಕಾಳಜಿಯೇ ಮಾರಾಟ. ನಂಬರ್ ಕೊಟ್ಟು ಕೊಳ್ಳಿ ಅನ್ನೋದು, ಲಿಂಕ್ ಕೊಡೋದು, ಎಲ್ಲವೂ ಅದರಡಿ ಬರುತ್ತೆ, ಡಿಸ್ಕ್ರಿಪ್ಷನ್‌ನಲ್ಲಿ ಇದ್ದರೂ ಸರಿ. ನಿಮ್ಮ ಊರಿನ ಗಿರಾಕಿಗೆ ಕಾಲು ಕೆಜಿ ಗಸಗಸೆ ಮಾರೋದು ತಪ್ಪಲ್ಲ. ಆದರೆ "ಹೊರದೇಶಕ್ಕೂ ಕಳಿಸ್ತೀವಿ" ಅಂದಿದ್ದೀರಲ್ಲ, ಅದು ಬರೀ ಯೂಟ್ಯೂಬ್‌ನ ವಿಷಯ ಅಲ್ಲ. ದುಬೈ ಇರೋ ಯುಎಇ, ಸೌದಿ, ಈ ದೇಶಗಳಲ್ಲಿ ಗಸಗಸೆ ಬೀಜಕ್ಕೇ ನಿಷೇಧ ಇದೆ. ಅಲ್ಲಿರೋ ನಮ್ಮ ಕನ್ನಡದವರೊಬ್ಬರು ಹಬ್ಬಕ್ಕೆ ಪಾಯಸ ಮಾಡೋಣ ಅಂತ ನಿಮ್ಮಿಂದ ತರಿಸಿಕೊಂಡರೆ, ಪಾರ್ಸೆಲ್ ಬಿಚ್ಚಿದಾಗ ಸಿಕ್ಕಿಬೀಳೋದು ಅವರು. ದಯವಿಟ್ಟು ಅದನ್ನು ಇವತ್ತೇ ನಿಲ್ಲಿಸಿ. ಈಗಾಗಲೇ ಆರ್ಡರ್ ತಗೊಂಡಿದ್ದರೆ ದುಡ್ಡು ವಾಪಸ್ ಕೊಟ್ಟುಬಿಡಿ.

ಇಷ್ಟೆಲ್ಲ ಹೇಳಿದ ಮೇಲೂ ವಿಡಿಯೋ ತೆಗೆದದ್ದು ಸರಿ ಅಂತ ನಾನು ಹೇಳ್ತಿಲ್ಲ. ವಿಡಿಯೋ ಒಳಗಿರೋದು ಅಡುಗೆ. ಬೀಜ ಕಾನೂನುಬದ್ಧ. ಮಾಡೋ ವಿಧಾನ ಅಮಲಿಗೆ ತದ್ವಿರುದ್ಧ: ಸ್ವಲ್ಪ ಬೀಜ, ಅದೂ ಹುರಿದು, ತೆಂಗಿನಕಾಯಿ ಅಕ್ಕಿ ಜೊತೆ ರುಬ್ಬಿ, ಬೆಲ್ಲ ಹಾಕಿ ಕುದಿಸಿ, ಬೀಜ ಸಮೇತ ತಿನ್ನೋದು. ನೀರನ್ನು ಸೋಸಿ ಬೀಜ ಎಸೆಯೋ ಮಾತೇ ಇಲ್ಲ. ಅಪೀಲ್ ನಿಲ್ಲಬೇಕಾದ್ದು ಈ ವ್ಯತ್ಯಾಸದ ಮೇಲೆ. "ಇದು ನಮ್ಮ ಸಂಸ್ಕೃತಿ, ನಿಮಗೇನು ಗೊತ್ತು" ಅಂತ ಬರೆದರೆ ಓದೋರ ಕೈಗೆ ಏನೂ ಸಿಗಲ್ಲ. ಅವರು ಹುಡುಕ್ತಿರೋದು ಒಂದೇ ಪ್ರಶ್ನೆಗೆ ಉತ್ತರ. ಇದರಲ್ಲಿ ಮಾದಕ ವಸ್ತು ಮಾಡೋದು, ಬಳಸೋದು, ಮಾರೋದು ಇದೆಯೋ ಇಲ್ಲವೋ?

ಬರೆಯೋ ಮುಂಚೆ ಒಂದು ಕೆಲಸ ಮಾಡಿ. ಆ ವಾಟ್ಸಾಪ್ ಸಾಲು ಬೇರೆ ವಿಡಿಯೋಗಳ ಡಿಸ್ಕ್ರಿಪ್ಷನ್‌ನಲ್ಲೂ ಇದೆಯಾ ನೋಡಿ. ಚಿಕ್ಕ ಚಾನೆಲ್‌ನವರು ಅಂಗಡಿ ವಿವರವನ್ನು YouTube Studio ಸೆಟ್ಟಿಂಗ್‌ನಲ್ಲಿ Upload defaults ಅನ್ನೋ ಕಡೆ ಒಮ್ಮೆ ಹಾಕಿಟ್ಟಿರ್ತಾರೆ. ಆಮೇಲೆ ಅದು ಪ್ರತಿ ಹೊಸ ವಿಡಿಯೋಗೂ ತಾನಾಗೇ ಬಂದು ಕೂರುತ್ತೆ. ಅಲ್ಲೂ ತೆಗೆಯಿರಿ, ಹಳೇ ವಿಡಿಯೋಗಳಲ್ಲೂ ತೆಗೆಯಿರಿ. ಹೀಗೆ ಮಾಡಿದರೆ ಅಪೀಲ್‌ನಲ್ಲಿ "ತೆಗೆದಿದ್ದೇನೆ" ಅಂತ ನಿಜವಾಗಿ ಬರೆಯಬಹುದು.

ಆಮೇಲೆ ಕಂಪ್ಯೂಟರ್‌ನಲ್ಲಿ YouTube Studio ತೆರೆದರೆ Dashboardನಲ್ಲಿ Channel violations ಅಂತ ಒಂದು ಕಾರ್ಡ್ ಕಾಣುತ್ತೆ. ಅದರೊಳಗೆ ಹೋದರೆ ಯಾವ ವಿಡಿಯೋ, ಯಾವ ನಿಯಮ ಅನ್ನೋದೂ Appeal ಅನ್ನೋ ಬಟನ್ನೂ ಇರುತ್ತೆ. ವಾರ್ನಿಂಗ್ ಬಂದು 90 ದಿನದೊಳಗೆ ಅಪೀಲ್ ಹಾಕಬೇಕು. ಒಂದು ವಾರ್ನಿಂಗ್‌ಗೆ ಒಂದೇ ಅಪೀಲ್. ಬಟನ್ ಒತ್ತಿ ಬಾಕ್ಸ್‌ನಲ್ಲೇ ಕೋಪದಲ್ಲಿ ಟೈಪ್ ಮಾಡಿ ಕಳಿಸಿಬಿಟ್ಟರೆ ತಿದ್ದೋಕೆ ಎರಡನೇ ಅವಕಾಶ ಸಿಗಲ್ಲ. ಅದಕ್ಕೇ ಮೊದಲು ಫೋನಿನ ನೋಟ್ಸ್‌ನಲ್ಲಿ ಬರೆದುಕೊಳ್ಳಿ, ಒಂದು ರಾತ್ರಿ ಬಿಟ್ಟು ಮತ್ತೆ ಓದಿ. ಬಾಕ್ಸ್ ಚಿಕ್ಕದು, ಎರಡು ಪುಟದ ಪತ್ರ ಹಿಡಿಯಲ್ಲ.

ನಿಮ್ಮ ವಿಡಿಯೋ ಫೈಲ್ ಫೋನಿನಲ್ಲಿ ಇದ್ದೇ ಇರುತ್ತೆ. ಅದನ್ನು ಹಾಕಿಕೊಂಡು ಯಾವ ನಿಮಿಷದಲ್ಲಿ ಏನಿದೆ ಅಂತ ಗುರುತು ಮಾಡಿ. ಇದು ಬಹಳ ಮುಖ್ಯ. ನೋಡೋರಿಗೆ ಇಡೀ ವಿಡಿಯೋ ನೋಡೋಷ್ಟು ಪುರುಸೊತ್ತು ಇರೋದಿಲ್ಲ, ಇಂಥ ಕಡೆ ನೋಡಿ ಅಂತ ಬೆರಳು ಮಾಡಿ ತೋರಿಸಬೇಕು. ಪತ್ರ ಹೆಚ್ಚು ಕಡಿಮೆ ಹೀಗಿರಲಿ. ನಿಮಿಷಗಳನ್ನೂ ಅಳತೆಯನ್ನೂ ನಿಮ್ಮ ವಿಡಿಯೋದಲ್ಲಿ ಇರೋ ಹಾಗೆ ಬದಲಿಸಿಕೊಳ್ಳಿ:

> ತೆಗೆದಿರುವ ವಿಡಿಯೋ ಗಸಗಸೆ ಪಾಯಸದ ಅಡುಗೆ ವಿಧಾನ. ಇದು ಕರ್ನಾಟಕದಲ್ಲಿ ಹಬ್ಬ, ಮದುವೆಗಳಲ್ಲಿ ಮಾಡುವ ಸಿಹಿ. ಇದರಲ್ಲಿ ಮಾದಕ ವಸ್ತುವನ್ನು ತಯಾರಿಸುವುದಾಗಲಿ ಬಳಸುವುದಾಗಲಿ ಇಲ್ಲ.
>
> ಬಳಸಿರುವುದು ಅಂಗಡಿಯಲ್ಲಿ ಸಿಗುವ, ಅಡುಗೆಗೆ ಬಳಸುವ ಒಣ ಗಸಗಸೆ ಬೀಜ, ನಾಲ್ಕು ಜನಕ್ಕೆ ಕಾಲು ಕಪ್. 0:40ರಲ್ಲಿ ಪ್ಯಾಕೆಟ್ ಕಾಣುತ್ತದೆ. 1:15ರಲ್ಲಿ ಬೀಜ ಹುರಿಯುವುದು, 3:20ರಲ್ಲಿ ತೆಂಗಿನಕಾಯಿ ಮತ್ತು ಅಕ್ಕಿಯ ಜೊತೆ ರುಬ್ಬುವುದು, 4:50ರಲ್ಲಿ ಬೆಲ್ಲ ಹಾಕಿ ಕುದಿಸುವುದು ಇದೆ. ಬೀಜದ ಸಾರವನ್ನು ನೀರಿಗೆ ಇಳಿಸಿ ಬೇರ್ಪಡಿಸುವ ಯಾವ ಹಂತವೂ ಇಲ್ಲ.
>
> ಗಸಗಸೆ ಅಫೀಮಿನ ಗಿಡದ ಬೀಜ ಎಂಬುದು ನಿಜ. ಆದರೆ ಭಾರತದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಪಾಪಿ ಸ್ಟ್ರಾ ಎಂಬುದರ ವ್ಯಾಖ್ಯೆ ಬೀಜಗಳನ್ನು ಹೊರಗಿಟ್ಟಿದೆ. ಬೀಜ ಇಲ್ಲಿ ಸಾಮಾನ್ಯ ಅಡುಗೆ ಸಾಮಗ್ರಿ.
>
> ಟೈಟಲ್‌ನಲ್ಲಿದ್ದ "ಅಮಲು" ಎಂಬ ಮಾತು ಹೊಟ್ಟೆ ತುಂಬ ಉಂಡ ಮೇಲೆ ಬರುವ ನಿದ್ದೆಯ ಬಗ್ಗೆ ನಮ್ಮ ಕಡೆ ಆಡುವ ತಮಾಷೆ. ಥಂಬ್‌ನೇಲ್‌ನಲ್ಲಿ ಗಿಡದ ಕಾಯಿಯ ಚಿತ್ರ ಅಲಂಕಾರಕ್ಕೆ ಹಾಕಿದ್ದು. ಡಿಸ್ಕ್ರಿಪ್ಷನ್‌ನಲ್ಲಿದ್ದ ನಂಬರ್ ನನ್ನ ಮಸಾಲೆ ವ್ಯಾಪಾರದ್ದು. ಇವು ತಪ್ಪು ಅರ್ಥ ಕೊಡುತ್ತವೆ ಎಂದು ಈಗ ತಿಳಿದಿದೆ. ಉಳಿದ ವಿಡಿಯೋಗಳಿಂದ ಆ ನಂಬರ್ ತೆಗೆದಿದ್ದೇನೆ. ವಿಡಿಯೋ ಮರಳಿ ಬಂದರೆ ಟೈಟಲ್, ಥಂಬ್‌ನೇಲ್, ಡಿಸ್ಕ್ರಿಪ್ಷನ್ ತಕ್ಷಣ ಬದಲಿಸುತ್ತೇನೆ. ದಯವಿಟ್ಟು ಮತ್ತೊಮ್ಮೆ ಪರಿಶೀಲಿಸಿ.

ಇದನ್ನು ಸರಳ ಇಂಗ್ಲಿಷ್‌ಗೆ ಮಾಡಿ ಹಾಕೋದು ಒಳ್ಳೇದು. ನಿಮ್ಮ ಅಪೀಲ್ ಕನ್ನಡ ಬಲ್ಲವರ ಕೈಗೇ ಹೋಗುತ್ತೆ ಅಂತ ನಂಬಿಕೊಂಡು ಕೂರೋಕಾಗಲ್ಲ. ಆದರೆ ಪಾಯಸದ ಹೆಸರು ಮಾತ್ರ ಹಾಗೇ ಇರಲಿ, ಬೇಕಾದರೆ ಅವರು ಹುಡುಕಿ ನೋಡಲಿ. ಹುಡುಕಿದರೆ ನೂರಾರು ಕಡೆ ಇದೇ ಅಡುಗೆ ಸಿಗುತ್ತೆ. ಬಾಕ್ಸ್‌ನಲ್ಲಿ ಜಾಗ ಸಾಲದಿದ್ದರೆ ಕಡೇ ಪ್ಯಾರಾವನ್ನು ಮೊಟಕು ಮಾಡಿ, ಎರಡನೇ ಪ್ಯಾರಾ ಮುಟ್ಟಬೇಡಿ.

"ಬೇರೆಯವರ ಗಸಗಸೆ ವಿಡಿಯೋ ಇನ್ನೂ ಇದೆಯಲ್ಲ" ಅಂತ ಲಿಂಕ್ ಕೊಡಬೇಡಿ. ನಿಮ್ಮ ವಿಡಿಯೋಗೆ ಅದರಿಂದ ಏನೂ ಲಾಭ ಇಲ್ಲ, ಸುಮ್ನೆ ಆ ಇನ್ನೊಬ್ಬರಿಗೆ ತೊಂದರೆ. ಇದೇ ನನ್ನ ಸಂಸಾರದ ಆಧಾರ ಅನ್ನೋ ಮಾತೂ ಬೇಡ. ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ, ಆದರೆ ಅಲ್ಲಿ ತೂಗಿ ನೋಡೋದು ವಿಡಿಯೋವನ್ನು ಮಾತ್ರ.

ಉತ್ತರ ಮೇಲ್‌ನಲ್ಲಿ ಬರುತ್ತೆ. ಕೆಲವರಿಗೆ ಕೆಲವೇ ಗಂಟೆಯಲ್ಲಿ ಬಂದದ್ದೂ ಇದೆ, ಕೆಲವರಿಗೆ ದಿನಗಟ್ಟಲೆ ಹಿಡಿದದ್ದೂ ಇದೆ. ಒಪ್ಪಿದರೆ ವಿಡಿಯೋ ವಾಪಸ್ ಬರುತ್ತೆ, ವಾರ್ನಿಂಗೂ ಹೋಗುತ್ತೆ. ಬಂದ ತಕ್ಷಣ ಟೈಟಲ್, ಥಂಬ್‌ನೇಲ್ ಬದಲಿಸಿ, ಮಾತು ಕೊಟ್ಟಿದ್ದೀರಿ ಅಲ್ವಾ. ಇನ್ನೊಂದು ಸಾಧ್ಯತೆ, ನಿಯಮ ಮುರಿದಿಲ್ಲ ಆದರೆ ದೊಡ್ಡವರಿಗೆ ಮಾತ್ರ ಅಂತ ವಯಸ್ಸಿನ ಮಿತಿ ಹಾಕಿ ಬಿಡಬಹುದು. ಹಾಗಾದರೆ ಲಾಗಿನ್ ಆಗದವರಿಗೆ ಕಾಣಲ್ಲ, ಜಾಹೀರಾತಿನ ದುಡ್ಡೂ ಕಡಿಮೆ. ಅಡುಗೆ ವಿಡಿಯೋಗೆ ಅದು ಹೆಚ್ಚು ಕಡಿಮೆ ಇಲ್ಲದ ಹಾಗೇ. ಮೂರನೆಯದು, ಒಪ್ಪದೇ ಇರೋದು. ಆಗ ವಿಡಿಯೋ ಹೋದದ್ದು ಹೋದ ಹಾಗೇ, ವಾರ್ನಿಂಗೂ ಇರುತ್ತೆ.

ಅಪೀಲ್ ಬಿದ್ದುಹೋದರೆ ಟ್ರೈನಿಂಗ್ ಅಂತ ಒಂದು ದಾರಿ ಇದೆ. ಸ್ಟುಡಿಯೋದಲ್ಲೇ ಆ ನಿಯಮದ ಬಗ್ಗೆ ಚಿಕ್ಕ ಪಾಠ, ಪ್ರಶ್ನೆಗಳು ಇರುತ್ತವೆ. ಅದನ್ನು ಮುಗಿಸಿ, ಮುಂದಿನ 90 ದಿನ ಅದೇ ನಿಯಮ ಮುರಿಯದಿದ್ದರೆ ವಾರ್ನಿಂಗ್ ಹೋಗುತ್ತೆ. ವಿಡಿಯೋ ಮಾತ್ರ ವಾಪಸ್ ಬರಲ್ಲ. ಆ 90 ದಿನದಲ್ಲಿ ಅದೇ ತಪ್ಪು ಆದರೆ ನೇರವಾಗಿ ಸ್ಟ್ರೈಕ್. ಹಾಗಾಗಿ ಆ ಅವಧಿಯಲ್ಲಿ ಗಸಗಸೆಯ ಹೊಸ ವಿಡಿಯೋ ಹಾಕೋ ಧೈರ್ಯ ಬೇಡ, ಹೋಳಿಗೆ ಕಡುಬು ಹಾಕಿಕೊಂಡಿರಿ. ಆಮೇಲೆ ಬೇಕಾದರೆ ಹೊಸದಾಗಿ ಶೂಟ್ ಮಾಡಿ. ಟೈಟಲ್‌ನಲ್ಲಿ ಬರೀ "ಹಬ್ಬದ ಗಸಗಸೆ ಪಾಯಸ" ಸಾಕು. ಚಿತ್ರದಲ್ಲಿ ಬಟ್ಟಲು, ಮೇಲೆ ಹುರಿದ ಗೋಡಂಬಿ. ನಿದ್ದೆ, ಅಮಲು, ಔಷಧ ಅನ್ನೋ ಮಾತು ಬಾಯಲ್ಲೂ ಬೇಡ, ಯಾಕಂದರೆ ಮಾತನ್ನೂ ಯಂತ್ರ ಬರಹ ಮಾಡಿ ಓದುತ್ತೆ. ಬೀಜ ನೆನೆಸೋದನ್ನು ತೋರಿಸುವಾಗ ಬಾಟಲಿ ಬೇಡ, ಬಟ್ಟಲಿನಲ್ಲಿ ನೆನೆಸಿ. ನೆನೆಸಿದ ನೀರಿನ ಸಮೇತ ಮಿಕ್ಸಿಗೆ ಹೋಗೋದು ಒಂದೇ ಶಾಟ್‌ನಲ್ಲಿ ಕಾಣಲಿ.

ಅಪೀಲ್ ಸೋತರೂ ಸುಮ್ಮನಿರೋಕೆ ಮನಸ್ಸಿಲ್ಲ ಅಂದರೆ ನಮ್ಮ ದೇಶದ ಕಾನೂನಿನಲ್ಲೂ ಒಂದು ಬಾಗಿಲಿದೆ. 2021ರ ಐಟಿ ನಿಯಮಗಳ ಪ್ರಕಾರ ಇಂಥ ದೊಡ್ಡ ಕಂಪನಿಗಳು ತಾವಾಗೇ ಏನಾದರೂ ತೆಗೆದರೆ ಕಾರಣ ತಿಳಿಸಬೇಕು, ಪ್ರಶ್ನಿಸೋಕೆ ಅವಕಾಶ ಕೊಡಬೇಕು. ಭಾರತದಲ್ಲಿ ದೂರು ಕೇಳೋ ಅಧಿಕಾರಿಯೊಬ್ಬರನ್ನು ಇಟ್ಟಿರಬೇಕು, ಅವರ ವಿಳಾಸ ಕಂಪನಿಯ ವೆಬ್‌ಸೈಟ್‌ನಲ್ಲಿ ಇರಬೇಕು. ಮೊದಲು ಅವರಿಗೆ ಬರೆಯಿರಿ. ಅವರ ಉತ್ತರ ಒಪ್ಪಿಗೆ ಆಗದಿದ್ದರೆ, ಅದು ಕೈ ಸೇರಿದ 30 ದಿನದೊಳಗೆ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ gac.gov.in ನಲ್ಲಿ ಆನ್‌ಲೈನ್‌ನಲ್ಲೇ ಹಾಕಬಹುದು. ಈ ಸಮಿತಿಗಳು 2023ರಿಂದ ಕೆಲಸ ಮಾಡ್ತಿವೆ. ಅಧಿಕಾರಿಗೆ ಬರೆಯದೇ ನೇರವಾಗಿ ಅಲ್ಲಿಗೆ ಹೋದರೆ ಉಪಯೋಗ ಇಲ್ಲ. ಒಂದು ವಿಡಿಯೋಗೆ ಇಷ್ಟು ಓಡಾಟ ಬೇಕಾ ಅನ್ನೋದು ನಿಮ್ಮ ತೀರ್ಮಾನ. ನನ್ನನ್ನು ಕೇಳಿದರೆ ವಾರ್ನಿಂಗ್‌ಗೆ ಅಪೀಲ್ ಸಾಕು, ಚಾನೆಲ್ಲೇ ಹೋಗೋ ಹಾಗಿದ್ದರೆ ಮಾತ್ರ ಈ ದಾರಿ.

ಅಲ್ಲಿಯವರೆಗೂ ನಿಮ್ಮ ಹತ್ತಿರ ಇರಬೇಕಾದ್ದು ಮೂರು. ವಾರ್ನಿಂಗ್ ಬಂದ ಮೇಲ್, ನೀವು ಕಳಿಸಿದ ಅಪೀಲ್‌ನ ಪ್ರತಿ, ಅದಕ್ಕೆ ಬಂದ ಉತ್ತರ. ಅಪೀಲ್ ಕಳಿಸೋ ಮುಂಚೆಯೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮೂಲ ವಿಡಿಯೋ ಫೈಲನ್ನು ಫೋನ್‌ನಲ್ಲಿ ಜಾಗ ಇಲ್ಲ ಅಂತ ಅಳಿಸಬೇಡಿ, ಪೆನ್‌ಡ್ರೈವ್‌ಗೆ ಹಾಕಿಡಿ. ಅಪೀಲ್‌ಗೆ ಏನು ಉತ್ತರ ಬಂತು ಅಂತ ತಿಳಿಸಿ. ಒಪ್ಪಲಿಲ್ಲ ಅಂದರೆ ಆ ಮೇಲ್‌ನಲ್ಲಿರೋ ಸಾಲುಗಳನ್ನು ಹಾಗೇ ಕಳಿಸಿ, ಅಧಿಕಾರಿಗೆ ಏನು ಬರೆಯಬೇಕು ಅಂತ ಅದನ್ನು ನೋಡಿಯೇ ಹೇಳ್ತೀನಿ.